ಅರ್ಧ ಮುಖ ನೀಲಿ, ಅರ್ಧ ಮುಖ ಕಿತ್ತಳೆ: ಕಿಟಕಿ ಬೆಳಕಿಗೂ ಟೇಬಲ್ ಲ್ಯಾಂಪಿಗೂ ಇರುವ ಜಗಳ ಬಿಡಿಸುವುದು

ಕೂತು ಮಾತಾಡುವ ವಿಡಿಯೊಗೆ ಕಿಟಕಿಯ ಪಕ್ಕ ಕುರ್ಚಿ ಹಾಕುತ್ತೀರಿ. ಇನ್ನೊಂದು ಕೆನ್ನೆ ಕತ್ತಲಾಗಿದೆ ಅಂತ ಆ ಕಡೆ ಒಂದು ಅಗ್ಗದ ಲ್ಯಾಂಪ್ ಇಡುತ್ತೀರಿ. ರೆಕಾರ್ಡ್ ಮಾಡಿ ನೋಡಿದರೆ ಮುಖ ಎರಡು ಹೋಳಾಗಿದೆ. ಕಿಟಕಿ ಕಡೆಯ ಕೆನ್ನೆ ನೀಲಿ, ಲ್ಯಾಂಪ್ ಕಡೆಯದು ಕಿತ್ತಳೆ, ಮಧ್ಯದಲ್ಲಿ ಮೂಗಿನ ಪಕ್ಕ ಒಂದು ಕಪ್ಪು ಗೆರೆ. ಕನ್ನಡಿಯಲ್ಲಿ ನೋಡಿದಾಗ ಮಾತ್ರ ಎಲ್ಲಾ ಸರಿ ಇತ್ತು. ನಮ್ಮ ಕಣ್ಣು ಈ ವ್ಯತ್ಯಾಸವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಮಾಡಿಕೊಳ್ಳುವುದಿಲ್ಲ.

ಹೆಚ್ಚಿನವರು ಇಲ್ಲಿ ಕ್ಯಾಮೆರಾದ ಸೆಟ್ಟಿಂಗ್ ತಡಕಾಡಲು ಶುರು ಮಾಡುತ್ತಾರೆ. ಅದು ವ್ಯರ್ಥ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಬಣ್ಣ ಹೊಂದಿಸುವುದು, ಇಡೀ ಚಿತ್ರಕ್ಕೆ ಒಂದೇ ಸಲ ಅನ್ವಯವಾಗುತ್ತದೆ. ನೀಲಿ ಕೆನ್ನೆಯನ್ನು ಸರಿಮಾಡಿದರೆ ಕಿತ್ತಳೆ ಕೆನ್ನೆ ಇನ್ನೂ ಕೆಂಪಾಗುತ್ತದೆ. ಕಿತ್ತಳೆಯನ್ನು ತಣ್ಣಗೆ ಮಾಡಿದರೆ ನೀಲಿ ಕಡೆ ಇನ್ನೂ ನೀಲಿಯಾಗುತ್ತದೆ. ಆಟೋದಲ್ಲಿ ಬಿಟ್ಟರಂತೂ ಯಾವ ಕಡೆಯೂ ಸರಿಯಾಗದ ಒಂದು ನಡುವಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಎರಡು ಬೆಳಕುಗಳ ಜಗಳವನ್ನು ಕೋಣೆಯಲ್ಲೇ ಬಿಡಿಸಬೇಕು. ಆಮೇಲೆ ಕ್ಯಾಮೆರಾ.

ಮೊದಲು ಎಲ್ಲಾ ಆರಿಸಿ

ದೋಷ ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಒಂದು ಸಲಕ್ಕೆ ಒಂದೇ ಬೆಳಕು ಉರಿಯಬೇಕು. ಚಾವಣಿಯ ಟ್ಯೂಬ್‌ಲೈಟು ಆರಿಸಿ. ಲ್ಯಾಂಪ್ ಆರಿಸಿ. ಮುಖಕ್ಕೆ ಹತ್ತಿರ ಇರುವ ಕಂಪ್ಯೂಟರ್ ಪರದೆಯನ್ನೂ ಕಪ್ಪು ಮಾಡಿ. ಬಿಳಿ ಪುಟ ತೆರೆದಿದ್ದರೆ ಅದೂ ಗಲ್ಲದ ಕೆಳಗಿನಿಂದ ನೀಲಿ ಬೆಳಕು ಎಸೆಯುತ್ತದೆ. ಈಗ ಬರೀ ಕಿಟಕಿಯ ಬೆಳಕಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಕರ್ಟನ್ ಎಳೆದು ಬರೀ ಲ್ಯಾಂಪಿನಲ್ಲಿ ಹತ್ತು ಸೆಕೆಂಡ್. ಕೊನೆಗೆ ಎರಡೂ ಸೇರಿಸಿ.

ಬರೀ ಕಿಟಕಿಯಲ್ಲೇ ಮುಖ ಕೆಟ್ಟದಾಗಿ ಕಂಡರೆ ತಪ್ಪು ಕೂತ ಜಾಗದ್ದು. ಲ್ಯಾಂಪ್ ಅದನ್ನು ಮುಚ್ಚಬಹುದೇ ಹೊರತು ಸರಿಮಾಡಲಾರದು. ಬರೀ ಲ್ಯಾಂಪಿನಲ್ಲಿ ಚರ್ಮ ಹಸಿರು ಅಥವಾ ಬೂದು ಅನಿಸಿದರೆ ಬಲ್ಬೇ ಕಳಪೆ. ಎರಡೂ ಬೇರೆಬೇರೆಯಾಗಿ ಚೆನ್ನಾಗಿದ್ದು ಸೇರಿಸಿದಾಗ ಕೆಟ್ಟರೆ ಅವುಗಳ ಬಣ್ಣ ಹೊಂದುತ್ತಿಲ್ಲ, ಇಲ್ಲವೇ ಲ್ಯಾಂಪಿನ ಜೋರು ಜಾಸ್ತಿಯಾಗಿದೆ. ಟ್ಯೂಬ್‌ಲೈಟನ್ನು ಮಾತ್ರ ಈ ಪರೀಕ್ಷೆ ಮುಗಿದ ಮೇಲೂ ಹಾಕಬೇಡಿ. ತಲೆಯ ಮೇಲಿಂದ ಬೀಳುವ ಬೆಳಕು ಕಣ್ಣಿನ ಗುಳಿಗಳನ್ನು ಕಪ್ಪು ಮಾಡುತ್ತದೆ, ಹಣೆಯನ್ನು ಹೊಳೆಸುತ್ತದೆ. ಜೊತೆಗೆ ಅದು ಮೂರನೆಯ ಬಣ್ಣವನ್ನೂ ತರಬಹುದು. ಹಿನ್ನೆಲೆ ಕತ್ತಲಾಯಿತು ಅಂತ ಅದನ್ನು ಹಾಕುವವರೇ ಜಾಸ್ತಿ.

ಮಡಚಿದ ಕಾಗದದ ಪರೀಕ್ಷೆ

ಮುಖವನ್ನು ನೋಡಿ ಬಣ್ಣ ಅಳೆಯುವುದು ಕಷ್ಟ. ಚರ್ಮಕ್ಕೆ ತನ್ನದೇ ಬಣ್ಣ ಇದೆ, ಹೊಳಪು ಇದೆ. ಅದಕ್ಕೇ ಮುಖದ ಬದಲು ಒಂದು ಬಿಳಿ ಎ4 ಹಾಳೆ ಇಡಿ. ಹಾಳೆಯನ್ನು ಉದ್ದಕ್ಕೆ ಮಧ್ಯಕ್ಕೆ ಮಡಚಿ, ಪುಸ್ತಕ ತೆರೆದಂತೆ ಲಂಬಕೋನಕ್ಕೆ ಬಿಡಿಸಿ. ಮಡಿಕೆಯ ಅಂಚು ಕ್ಯಾಮೆರಾದ ಕಡೆ ಚಾಚಿರಲಿ, ಮೂಗು ಇರುವ ಜಾಗದಲ್ಲೇ ಇರಲಿ. ಒಂದು ಮಗ್ಗುಲು ಕಿಟಕಿ ಕಡೆಯ ಕೆನ್ನೆಯಂತೆ, ಇನ್ನೊಂದು ಲ್ಯಾಂಪ್ ಕಡೆಯ ಕೆನ್ನೆಯಂತೆ ಬೆಳಕು ಹಿಡಿಯುತ್ತದೆ. ಒಂದು ಫೋಟೊ ತೆಗೆಯಿರಿ.

ಎರಡು ಮಗ್ಗುಲೂ ಒಂದೇ ಬಿಳಿಯ ಗಾಢ ಮತ್ತು ತಿಳಿ ಛಾಯೆಗಳಾಗಿ ಕಂಡರೆ ಬಣ್ಣ ಹೊಂದಿದೆ. ಒಂದು ನೀಲಿ, ಇನ್ನೊಂದು ಹಳದಿ ಕಂಡರೆ ಹೊಂದಿಲ್ಲ. ಇಲ್ಲಿ ಒಂದು ಸಣ್ಣ ಎಚ್ಚರಿಕೆ ಬೇಕು. ಪ್ರಿಂಟರ್ ಕಾಗದಕ್ಕೆ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಹಗಲು ಬೆಳಕಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ತಾಗಿದಾಗ ಅದು ತುಸು ನೀಲಿಯಾಗಿ ಹೊಳೆಯುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಆ ಕಿರಣ ಇರುವುದೇ ಇಲ್ಲ ಅನ್ನಬಹುದು. ಹಾಗಾಗಿ ಕಿಟಕಿ ಕಡೆ ಒಂದಿಷ್ಟು ನೀಲಿ ಛಾಯೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ ಇದ್ದರೆ ಮಾತ್ರ ಅದು ದೋಷ.

ಇದೇ ಹಾಳೆಯಿಂದ ಬೆಳಕಿನ ಪ್ರಮಾಣವನ್ನೂ ಅಳೆಯಬಹುದು. ಫೋನಿನ ಪ್ರೊ ಮೋಡ್‌ನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ, ಒಂದೇ ಕಡೆ ನಿಲ್ಲಿಸಿ. ಕಿಟಕಿ ಕಡೆಯ ಮಗ್ಗುಲು ಪರದೆ ತುಂಬುವಂತೆ ಹತ್ತಿರ ಹೋಗಿ, ಅದು ನಡುವಿನ ಬೂದು ಬಣ್ಣಕ್ಕೆ ಬರುವ ಷಟರ್ ವೇಗ, ಅಂದರೆ ಸೆಕೆಂಡಿನ ಎಷ್ಟು ಭಾಗ ಬೆಳಕು ಒಳಗೆ ಬಿಡಬೇಕು ಅಂತ, ನೋಡಿ. ಇನ್ನೊಂದು ಮಗ್ಗುಲು ಅದೇ ಬೂದು ಆಗಲು ಯಾವ ವೇಗ ಬೇಕು ಅಂತ ನೋಡಿ. ಕಿಟಕಿ ಕಡೆ 1/100, ಲ್ಯಾಂಪ್ ಕಡೆ 1/50 ಬಂದರೆ ಕಿಟಕಿ ಕಡೆ ಎರಡು ಪಟ್ಟು ಬೆಳಕಿದೆ ಅಂತ ಅರ್ಥ. ಮಾತಾಡುವ ವಿಡಿಯೊಗೆ ನನಗೆ ಒಪ್ಪುವುದು ಈ ಎರಡು ಪಟ್ಟು. ನಾಲ್ಕು ಪಟ್ಟಾದರೆ ಸ್ವಲ್ಪ ನಾಟಕೀಯ, ಆದರೂ ನಡೆಯುತ್ತದೆ. ಎಂಟು ಪಟ್ಟಾದರೆ ಕತ್ತಲ ಕಡೆಯ ಕಣ್ಣೇ ಕಾಣದಂತಾಗುತ್ತದೆ. ಎರಡೂ ಸಮವಾದರೆ ಅದೂ ತಪ್ಪೇ: ಮೂಗು, ಕೆನ್ನೆ, ದವಡೆ ಎಲ್ಲಾ ಸಪಾಟಾಗಿ, ಗುರುತಿನ ಚೀಟಿಯ ಫೋಟೊ ಥರ ಆಗುತ್ತದೆ.

ಬಣ್ಣ ಹೊಂದದಿದ್ದರೆ

ಹಗಲು ಬೆಳಕಿನ ಬಣ್ಣ ಸುಮಾರು 5500ರಿಂದ 6500 ಕೆಲ್ವಿನ್ ಆಸುಪಾಸು. ಬಿಸಿಲು ಬೀಳದೆ ಬರೀ ನೀಲಿ ಆಕಾಶದ ಕಡೆ ತೆರೆದ ಕಿಟಕಿಯಾದರೆ 7000 ದಾಟುತ್ತದೆ. ಟೇಬಲ್ ಲ್ಯಾಂಪಿನಲ್ಲಿ ಸಾಮಾನ್ಯವಾಗಿ ಇರುವ ಹಳದಿ ಬಲ್ಬು 2700 ಅಥವಾ 3000. ಈ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಇಷ್ಟು ಅಂತರ ಇದ್ದ ಮೇಲೆ ಮುಖ ಎರಡು ಹೋಳಾಗದೆ ಇನ್ನೇನು?

ಸುಲಭದ ದಾರಿ ಬಲ್ಬು ಬದಲಿಸುವುದು. ಡಬ್ಬದ ಮೇಲೆ 6500 ಕೆಲ್ವಿನ್ ಅಂತ ಇರುವ ಬಿಳಿ ಬಲ್ಬು ಹಾಕಿದರೆ ಕಿಟಕಿಗೆ ಹೊಂದುತ್ತದೆ. 5000 ಸಿಕ್ಕರೂ ಆಗುತ್ತದೆ. ನೆರಳಿನ ಕಡೆ ಕೊಂಚ ಬೆಚ್ಚಗಿನ ಬಣ್ಣ ಇದ್ದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಉಲ್ಟಾ ಆದರೆ, ಅಂದರೆ ಲ್ಯಾಂಪ್ ಕಡೆ ಕಿಟಕಿಗಿಂತ ನೀಲಿಯಾದರೆ, ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಸಂಜೆಯ ಬಿಸಿಲು ನೇರ ಬರುವ ಕಿಟಕಿಗೆ 6500ರ ಬಲ್ಬು ಸೇರಿಸಿದಾಗ ಆಗುವುದು ಇದೇ.

ಬಲ್ಬು ಬದಲಿಸಲು ಆಗದ ಲ್ಯಾಂಪ್ ಇದ್ದರೆ ಅದರ ಕೆಲಸ ಬದಲಿಸಿ. ಮುಖದ ಮೇಲಿಂದ ತೆಗೆದು ನಿಮ್ಮ ಹಿಂದೆ, ಕಪಾಟು ಅಥವಾ ಗೋಡೆಯ ಮೇಲೆ ಬೆಳಕು ಬೀಳುವಂತೆ ಇಡಿ. ಹಿನ್ನೆಲೆಯಲ್ಲಿ ಹಳದಿ ಬೆಳಕು ಚೆಂದವೇ ಕಾಣುತ್ತದೆ, ಕೋಣೆಗೆ ಆಳ ಬರುತ್ತದೆ. ಮುಖದ ಕತ್ತಲ ಕಡೆಗೆ ಒಂದು ದೊಡ್ಡ ಬಿಳಿ ಥರ್ಮೋಕೋಲ್ ಹಾಳೆಯನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿ. ಅದು ಕಿಟಕಿಯ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ, ಹಾಗಾಗಿ ಬಣ್ಣ ತಾನಾಗಿಯೇ ಹೊಂದುತ್ತದೆ. ಬಣ್ಣದ ಗಿಲಿಟು ಇರುವ ಹಾಳೆ ಮಾತ್ರ ಬೇಡ.

ಬಲ್ಬು, ಕಿಟಕಿ ಎರಡೂ ಹೊಂದಿದರೂ ಕಾಗದದ ಒಂದು ಮಗ್ಗುಲು ಹಸಿರು ಅಥವಾ ಗುಲಾಬಿ ಬಂದರೆ ಸುತ್ತ ಏನಿದೆ ನೋಡಿ. ಬಣ್ಣದ ಕರ್ಟನ್ ತನ್ನ ಮೂಲಕ ಬರುವ ಬೆಳಕಿಗೆಲ್ಲಾ ಆ ಬಣ್ಣ ಹಚ್ಚುತ್ತದೆ. ಪಕ್ಕದ ಹಸಿರು ಗೋಡೆಯೂ ಹಾಗೆಯೇ. ಗಲ್ಲದ ಕೆಳಗೆ ಮಾತ್ರ ಬಣ್ಣ ಕಂಡರೆ ತಪ್ಪು ಮೇಜಿನ ಹೊದಿಕೆಯದ್ದು ಅಥವಾ ತೊಟ್ಟ ಬಟ್ಟೆಯದ್ದು.

ಕಪ್ಪು ಗೆರೆ, ಎರಡು ನೆರಳು

ಬಣ್ಣ ಸರಿಯಾದ ಮೇಲೂ ಮುಖ ಸಹಜ ಅನಿಸದಿದ್ದರೆ ಮೂಗಿನ ನೆರಳು ನೋಡಿ. ಬೇಕಾದ ಮಾಹಿತಿಯೆಲ್ಲಾ ಅಲ್ಲೇ ಇರುತ್ತದೆ.

ಬರೀ ಕಿಟಕಿ ಬೆಳಕಿನಲ್ಲಿ ಆ ನೆರಳು ಇಡೀ ಕೆನ್ನೆಯನ್ನು ನುಂಗಿದ್ದರೆ ಕಿಟಕಿ ತೀರಾ ಪಕ್ಕಕ್ಕಿದೆ. ಅದು ಎದುರಿಗೂ ಪಕ್ಕಕ್ಕೂ ನಡುವೆ, ಸುಮಾರು 45 ಡಿಗ್ರಿಯಲ್ಲಿ ಇರಬೇಕು. ಕಿಟಕಿಯನ್ನು ಸರಿಸಲು ಆಗದು, ಆದರೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಕ್ಯಾಮೆರಾವನ್ನೂ ಅದರ ಜೊತೆ ಸುತ್ತಿ ಎದುರಿಗೆ ತರಬಹುದು. ಮೂಗಿನ ನೆರಳು ಕುಗ್ಗಿ ತುಟಿಯ ಮೂಲೆಯ ಕಡೆ ಇಳಿಯುವವರೆಗೆ ತಿರುಗಿಸಿ. ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ತುಂಡು ಕಂಡಿತೋ, ಸಾಕು.

ಲ್ಯಾಂಪ್ ಹಾಕಿದ ಮೇಲೆ ಮೂಗಿಗೆ ಎರಡು ನೆರಳು ಬಂದರೆ, ಅಂದರೆ ಎಡಕ್ಕೊಂದು ಬಲಕ್ಕೊಂದು, ಲ್ಯಾಂಪ್ ಕಿಟಕಿಯ ಜೊತೆ ಪೈಪೋಟಿಗೆ ಇಳಿದಿದೆ. ಮಧ್ಯದ ಕಪ್ಪು ಗೆರೆ ಹುಟ್ಟುವುದೂ ಹೀಗೆಯೇ: ಎರಡು ಬೆಳಕೂ ಪಕ್ಕದಿಂದ ಬಂದು, ಮೂಗಿನ ನೆತ್ತಿಯ ಹತ್ತಿರ ಯಾವುದೂ ತಲುಪದ ಒಂದು ಪಟ್ಟಿ ಉಳಿಯುತ್ತದೆ. ಕುರ್ಚಿ ತಿರುಗಿಸಿದಾಗ ಗೆರೆ ಹೋಗುತ್ತದೆ. ಎರಡನೇ ನೆರಳು ಹೋಗಬೇಕಾದರೆ ಲ್ಯಾಂಪನ್ನು ಮೆತ್ತಗೆ ಮಾಡಬೇಕು.

ಮೆತ್ತಗೆ ಅಂದರೆ ಬರೀ ಕಡಿಮೆ ಮಾಡುವುದಲ್ಲ. ಮುಖದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮಸುಕಾಗುತ್ತದೆ. ಕಿಟಕಿ ದೊಡ್ಡದು, ಬಲ್ಬು ಚಿಕ್ಕದು. ಬಲ್ಬನ್ನು ದೂರ ಒಯ್ದರೆ ಮಂಕಾಗುತ್ತದೆ, ಆದರೆ ಇನ್ನೂ ಚಿಕ್ಕದಾಗಿ ನೆರಳು ಹರಿತವಾಗುತ್ತದೆ. ಹಾಗಾಗಿ ಲ್ಯಾಂಪನ್ನು ಮುಖದ ಕಡೆಗೆ ತಿರುಗಿಸಲೇಬೇಡಿ. ಬಿಳಿ ಗೋಡೆಗೋ ಥರ್ಮೋಕೋಲ್ ಹಾಳೆಗೋ ಹೊಡೆಸಿ. ಮುಖಕ್ಕೆ ಬೆಳಕು ಕೊಡುವುದು ಈಗ ಬಲ್ಬಲ್ಲ, ಆ ದೊಡ್ಡ ಹಾಳೆ. ಬೆಳಕು ಬಹಳಷ್ಟು ನಷ್ಟವಾಗುತ್ತದೆ, ನಿಜ. ಆದರೆ ಲ್ಯಾಂಪಿಗೆ ನಾವು ಕೊಡುತ್ತಿರುವುದು ನೆರಳನ್ನು ಸ್ವಲ್ಪ ತೆಳು ಮಾಡುವ ಕೆಲಸ ಅಷ್ಟೇ. ಕೆಲವರು ಬಲ್ಬಿಗೆ ಬಿಳಿ ಬಟ್ಟೆ ಸುತ್ತುತ್ತಾರೆ. ಅದು ಮಾಡಬೇಡಿ. ಬಿಸಿಯಾಗುವ ಬಲ್ಬಾದರೆ ಬೆಂಕಿಯ ಅಪಾಯ, ಎಲ್‌ಇಡಿ ಆದರೂ ಬಲ್ಬಿನಷ್ಟೇ ದೊಡ್ಡ ಬಟ್ಟೆಯಿಂದ ನೆರಳು ಮೆತ್ತಗಾಗುವುದಿಲ್ಲ.

ಜೋರು ಹೊಂದಿಸಲು ಡಿಮ್ಮರ್ ಬೇಡ, ದೂರ ಸಾಕು. ಹಾಳೆಯನ್ನು ಹಿಂದೆ ಮುಂದೆ ಸರಿಸುತ್ತಾ ಮಡಚಿದ ಕಾಗದದಲ್ಲಿ ಅಳೆಯಿರಿ.

ಒಂದು ಉದಾಹರಣೆ

ಗಣಿತದ ಪಾಠ ರೆಕಾರ್ಡ್ ಮಾಡುವ ಗೆಳತಿಯೊಬ್ಬರು ಒಂದು ತುಣುಕು ಕಳಿಸಿದ್ದರು. "ಲೈಟು ಜಾಸ್ತಿ ಹಾಕಿದಷ್ಟೂ ಮುಖ ಕೆಡ್ತಾ ಇದೆ, ಇನ್ನೊಂದು ಲ್ಯಾಂಪ್ ತರಲಾ?" ಅಂತ ಕೇಳಿದರು. "ತರಬೇಡಿ, ಇರೋದನ್ನ ಮೊದಲು ಆರಿಸಿ" ಅಂದೆ.

ಅವರ ಎಡಕ್ಕೆ, ಸರಿಯಾಗಿ ಪಕ್ಕದಲ್ಲಿ, ಒಂದು ಮೀಟರ್ ದೂರಕ್ಕೆ ಕಿಟಕಿ. ಬಲಕ್ಕೆ ಅರ್ಧ ಮೀಟರ್‌ನಲ್ಲಿ ಮೇಜಿನ ಮೇಲೆ ಹಳದಿ ಬಲ್ಬಿನ ಲ್ಯಾಂಪ್, ಮುಖಕ್ಕಿಂತ ಕೆಳಗೆ. ಮೇಲೆ ಟ್ಯೂಬ್‌ಲೈಟು. ಟ್ಯೂಬ್ ಆರಿಸಿದ ಕೂಡಲೇ ಹಣೆಯ ಹೊಳಪು ಮತ್ತು ಕಣ್ಣ ಕೆಳಗಿನ ಕಪ್ಪು ಅರ್ಧ ಇಳಿಯಿತು. ಲ್ಯಾಂಪೂ ಆರಿಸಿದಾಗ ಬಲಗೆನ್ನೆ ಪೂರ್ತಿ ಕತ್ತಲು. ಮೂಲ ತೊಂದರೆ ಇಲ್ಲಿತ್ತು. ಕತ್ತಲನ್ನು ಹೋಗಲಾಡಿಸಲು ಲ್ಯಾಂಪನ್ನು ಹತ್ತಿರ ತಂದಿದ್ದರು, ಹತ್ತಿರ ತಂದಿದ್ದಕ್ಕೆ ಕಿತ್ತಳೆ ಬಣ್ಣ ಬಂದಿತ್ತು.

ಕುರ್ಚಿಯನ್ನು 45 ಡಿಗ್ರಿ ಕಿಟಕಿ ಕಡೆ ತಿರುಗಿಸಿ ಫೋನನ್ನು ಎದುರಿಗೆ ತಂದೆವು. ಫೋನಿನ ಸ್ಟ್ಯಾಂಡ್ ಕಿಟಕಿಗೆ ಅಡ್ಡ ಬರದಂತೆ ನೋಡಿಕೊಂಡೆವು. ಬೆನ್ನ ಹಿಂದೆ ಒತ್ತಿಕೊಂಡಿದ್ದ ಗೋಡೆಯ ಬದಲು ಈಗ ಕೋಣೆಯ ಉದ್ದ ಕಾಣತೊಡಗಿತು, ಅದು ಪುಕ್ಕಟೆ ಸಿಕ್ಕ ಲಾಭ. ಮಡಚಿದ ಕಾಗದ ಇಟ್ಟು ಅಳೆದಾಗ ಕಿಟಕಿ ಕಡೆ 1/200, ಇನ್ನೊಂದು ಕಡೆ 1/50. ನಾಲ್ಕು ಪಟ್ಟು. ಲ್ಯಾಂಪ್ ಇಲ್ಲದೆಯೂ ನಡೆಯುವ ಸ್ಥಿತಿಗೆ ಬಂದಿತ್ತು.

ಆಮೇಲೆ ಲ್ಯಾಂಪಿಗೆ 6500ರ ಬಲ್ಬು ಹಾಕಿ, ಅದರ ಮೂತಿಯನ್ನು ಬಲಗಡೆ ನಿಲ್ಲಿಸಿದ ಥರ್ಮೋಕೋಲ್ ಹಾಳೆಯ ಕಡೆ ತಿರುಗಿಸಿದೆವು. ಹಾಳೆ ಮುಖದಿಂದ ಒಂದು ಮೀಟರ್ ದೂರ, ಅದರ ಮಧ್ಯ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಕತ್ತಲ ಕಡೆ 1/100ಕ್ಕೆ ಬಂತು. ಎರಡು ಪಟ್ಟು, ಮೂಗಿಗೆ ಒಂದೇ ನೆರಳು. ಮುಖ ಇರುವ ಜಾಗದಲ್ಲಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿ, ಅಲ್ಲಿಗೇ ಲಾಕ್ ಮಾಡಿದೆವು. ರೆಕಾರ್ಡ್ ಮಾಡಲು ಷಟರ್ 1/50ಕ್ಕೆ ಇಟ್ಟು ಮುಖ ಸರಿಯಾಗಿ ಕಾಣುವಂತೆ ಐಎಸ್‌ಒ ಹೊಂದಿಸಿದೆವು. ಅಳೆಯುವಾಗಿನ ವೇಗಗಳು ಹೋಲಿಕೆಗೆ ಮಾತ್ರ.

ಅವರು ಕನ್ನಡಕ ಹಾಕುತ್ತಾರೆ. ಗಾಜಿನಲ್ಲಿ ಹಾಳೆಯ ಬಿಳಿ ಚೌಕ ಕಂಡಿತು. ಹಾಳೆಯನ್ನು ಇನ್ನೂ ಪಕ್ಕಕ್ಕೆ, ಇನ್ನೂ ಮೇಲಕ್ಕೆ ಸರಿಸಿ ಸ್ವಲ್ಪ ಕೆಳಕ್ಕೆ ಬಾಗಿಸಿದಾಗ ಅದು ಹೋಯಿತು. ಹೋಗದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಚೂರು ಎತ್ತಿದರೆ ಗಾಜು ಕೆಳಮುಖವಾಗಿ ಬಾಗುತ್ತದೆ, ಆಗ ಬಿಂಬ ಕ್ಯಾಮೆರಾಕ್ಕೆ ತಲುಪುವುದಿಲ್ಲ.

ಚರ್ಮಕ್ಕೆ ಜೀವ ಇಲ್ಲದಿದ್ದರೆ

ಬಣ್ಣದ ಸಂಖ್ಯೆ ಹೊಂದಿದೆ, ಕಾಗದವೂ ಬೆಳ್ಳಗಿದೆ, ಆದರೆ ಲ್ಯಾಂಪ್ ಕಡೆಯ ಚರ್ಮ ಮಾತ್ರ ಬೂದಿ ಬಳಿದಂತೆ. ಇದು ಅಗ್ಗದ ಎಲ್‌ಇಡಿಯ ಕಾಯಿಲೆ. ಕೆಲವು ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪಿನ ಭಾಗ ತೀರಾ ಕಡಿಮೆ. ಬಿಳಿ ಕಾಗದಕ್ಕೆ ಅದು ಗೊತ್ತಾಗುವುದಿಲ್ಲ, ಆದರೆ ಚರ್ಮದ ಕಳೆ ಇರುವುದೇ ಆ ಕೆಂಪಿನಲ್ಲಿ. ಒಂದು ಕಡುಗೆಂಪು ಬಟ್ಟೆಯನ್ನು ಕಿಟಕಿ ಹತ್ತಿರ ನೋಡಿ, ಆಮೇಲೆ ಬರೀ ಲ್ಯಾಂಪಿನ ಕೆಳಗೆ ನೋಡಿ. ಲ್ಯಾಂಪಿನಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಬಲ್ಬಿನದೇ ತಪ್ಪು. ಇಲ್ಲದ ಕೆಂಪನ್ನು ಎಡಿಟಿಂಗ್‌ನಲ್ಲಿ ತರಲು ಹೋದರೆ ಮುಖವೆಲ್ಲಾ ಗುಲಾಬಿಯಾಗುತ್ತದೆ. ಬಲ್ಬು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆಗೆ ಸಿಆರ್‌ಐ ಅನ್ನುತ್ತಾರೆ; ಡಬ್ಬದ ಮೇಲೆ ಅದು 90 ಅಥವಾ ಅದಕ್ಕಿಂತ ಜಾಸ್ತಿ ಅಂತ ಇರುವ ಬಲ್ಬು ಹುಡುಕಿ. ಮಾಮೂಲಿ ಬಲ್ಬುಗಳದ್ದು ಸುಮಾರು 80 ಇರುತ್ತದೆ. ಅದೇ ಬಲ್ಬಿನಲ್ಲಿ ಮುಗಿಸಬೇಕಾದರೆ ಅದರ ಪಾಲು ಕಡಿಮೆ ಮಾಡಿ, ಬಿಳಿ ಹಾಳೆಯಿಂದ ಕಿಟಕಿಯ ಬೆಳಕನ್ನೇ ಜಾಸ್ತಿ ತಿರುಗಿಸಿ.

ಪಟ್ಟಿ ಓಡಿದರೆ, ಬೆಳಕು ಏರಿಳಿದರೆ

ಚಿತ್ರದಲ್ಲಿ ಅಡ್ಡ ಪಟ್ಟಿಗಳು ನಿಧಾನವಾಗಿ ಸರಿಯುತ್ತಿದ್ದರೆ ಲ್ಯಾಂಪ್ ಮಿಟುಕುತ್ತಿದೆ. ಕಿಟಕಿಯ ಬೆಳಕು ಮಿಟುಕುವುದಿಲ್ಲ, ಆದ್ದರಿಂದ ಪಟ್ಟಿ ಲ್ಯಾಂಪ್ ಕಡೆಯ ಕೆನ್ನೆಯಲ್ಲೇ ಜೋರಾಗಿ ಕಾಣುತ್ತದೆ. 50 ಹರ್ಟ್ಜ್ ವಿದ್ಯುತ್ ಇರುವಲ್ಲಿ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ; ಷಟರ್ 1/50 ಅಥವಾ 1/100 ಇಟ್ಟರೆ ಪಟ್ಟಿ ನಿಲ್ಲುತ್ತದೆ. 60 ಹರ್ಟ್ಜ್ ಇರುವಲ್ಲಿ 1/60 ಅಥವಾ 1/120. ಆದರೂ ನಿಲ್ಲದಿದ್ದರೆ ಡಿಮ್ಮರ್ ಇದೆಯಾ ನೋಡಿ. ಎಷ್ಟೋ ಡಿಮ್ಮರ್‌ಗಳು ಬೆಳಕನ್ನು ಬೇರೆಯದೇ ವೇಗದಲ್ಲಿ ಹಚ್ಚಿ ಆರಿಸಿ ಕಡಿಮೆ ಮಾಡುತ್ತವೆ. ಅದನ್ನು ಪೂರ್ತಿ ತಿರುಗಿಸಿಡಿ.

ಕೈ ಎತ್ತಿದಾಗ, ಮುಂದೆ ಬಾಗಿದಾಗ ಮುಖ ಮಂಕಾಗಿ ಮತ್ತೆ ಬೆಳಗಿದರೆ ಅದು ಆಟೋ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ತಾನೇ ಬೆಳಕಿನ ಪ್ರಮಾಣ ಬದಲಿಸುತ್ತಿದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಹಲವು ಫೋನ್‌ಗಳಲ್ಲಿ `AE/AF LOCK` ಬರುತ್ತದೆ. ವೈಟ್ ಬ್ಯಾಲೆನ್ಸ್ ಇದರಿಂದ ಲಾಕ್ ಆಗದೇ ಇರಬಹುದು, ಅದನ್ನು ಬೇರೆಯಾಗಿ ನೋಡಿಕೊಳ್ಳಿ.

ಎಲ್ಲಾ ಲಾಕ್ ಆದ ಮೇಲೂ ಮುಖ ನಿಧಾನವಾಗಿ ಬದಲಾಗುತ್ತಿದ್ದರೆ ಹೊರಗೆ ನೋಡಿ. ಮೋಡ ಬಂದಾಗ ಕಿಟಕಿ ಬೆಳಕು ಇಳಿಯುತ್ತದೆ, ಲ್ಯಾಂಪ್ ಅಷ್ಟೇ ಇರುತ್ತದೆ. ಎರಡು ಪಟ್ಟು ಇದ್ದದ್ದು ಸಮವಾಗುತ್ತದೆ, ಕೆಲವೊಮ್ಮೆ ಲ್ಯಾಂಪ್ ಕಡೆಯೇ ಮೇಲಾಗುತ್ತದೆ. ಚೂರುಚೂರಾಗಿ ರೆಕಾರ್ಡ್ ಮಾಡಿ, ಪ್ರತಿ ಚೂರಿಗೆ ಮುಂಚೆ ಕಾಗದ ಹಿಡಿಯಿರಿ. ನೇರ ಬಿಸಿಲು ಬಂದು ಮುಖದ ಮೇಲೆ ಹರಿತ ತುಂಡು ಬಿದ್ದರೆ ತೆಳು ಬಿಳಿ ಪರದೆ ಎಳೆಯಿರಿ.

ಸಂಜೆಯ ಹೊತ್ತು ಮಾತ್ರ ಈ ಹೊಂದಾಣಿಕೆ ನಡೆಯುವುದಿಲ್ಲ. ಸೂರ್ಯ ಇಳಿದ ಮೇಲೆ ಕಿಟಕಿ ಬೇಗ ಬೇಗ ಮಂಕಾಗುತ್ತದೆ, ಜೊತೆಗೆ ಇನ್ನಷ್ಟು ನೀಲಿಯಾಗುತ್ತದೆ. ಬೆನ್ನಟ್ಟಿ ಹೊಂದಿಸುತ್ತಾ ಕೂರುವ ಬದಲು ದಪ್ಪ ಕರ್ಟನ್ ಪೂರ್ತಿ ಎಳೆದುಬಿಡಿ. ಲ್ಯಾಂಪನ್ನೂ ದೊಡ್ಡ ಬಿಳಿ ಹಾಳೆಯನ್ನೂ ಕಿಟಕಿ ಇದ್ದ ದಿಕ್ಕಿಗೆ ತನ್ನಿ, ಹಾಳೆಯನ್ನು ಚೌಕಟ್ಟಿಗೆ ಕಾಣದಷ್ಟು ಹತ್ತಿರಕ್ಕೆ ಎಳೆಯಿರಿ. ಇನ್ನೊಂದು ಕೆನ್ನೆಗೆ ಇನ್ನೊಂದು ಬಿಳಿ ಹಾಳೆ ಸಾಕು. ಈಗ ಇರುವುದು ಒಂದೇ ಬೆಳಕು. ವೈಟ್ ಬ್ಯಾಲೆನ್ಸನ್ನು ಅದಕ್ಕೆ ಹೊಸದಾಗಿ ಹೊಂದಿಸಿದರೆ ಆ ಹಳೇ ಹಳದಿ ಬಲ್ಬಿನಲ್ಲೂ ರೆಕಾರ್ಡ್ ಮಾಡಬಹುದು.